ಓವರಾಲ್ 6.5 ಬಂದ್ರೂ ಮತ್ತ ಪರೀಕ್ಷೆ ಯಾಕ?

ಈಗ ಸ್ಕ್ರೀನ್ ಮ್ಯಾಲ ಕಾಣ್ತೈತಲ್ಲ, ಇದು ಹೊರದೇಶದಾಗ ಓದಾಕ ಕೇಳೋ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಅಕಾಡೆಮಿಕ್‌ನ ನನ್ನ ಫಲಿತಾಂಶ. ಲಿಸನಿಂಗ್ 7, ರೀಡಿಂಗ್ 7, ಸ್ಪೀಕಿಂಗ್ 6.5, ರೈಟಿಂಗ್ 5.5. ಕೂಡಿಸಿ ನಾಲ್ಕರಿಂದ ಭಾಗಿಸಿದ್ರ ಸರಿಯಾಗಿ 6.5. ನಾ ಅರ್ಜಿ ಹಾಕೋ ಯೂನಿವರ್ಸಿಟಿ ಕೇಳಿದ್ದೂ 6.5. ಅಪ್ಪಾಜಿ ಫೇಡೆ ತರಾಕ ಚಪ್ಪಲಿ ಮೆಟ್ಟಿ ನಿಂತಿದ್ರು. ಆದ್ರ ಯೂನಿವರ್ಸಿಟಿ ಪೇಜಿನ್ಯಾಗ ಅದರ ಕೆಳಗ ಇನ್ನೊಂದು ಸಾಲೈತಿ: ಯಾವ ವಿಭಾಗದಾಗೂ 6ಕ್ಕಿಂತ ಕಡಿಮಿ ಇರಬಾರದು. ಈ ಅಂಕಕ್ಕ ಬ್ಯಾಂಡ್ ಅಂತಾರ, ಆ ಅರ್ಧ ಬ್ಯಾಂಡ್ ಸಲುವಾಗಿ ಈ ವಿಡಿಯೋ.

ಕಾರ್ಡಿನ್ಯಾಗ ರೈಟಿಂಗಿಗೆ ಒಂದೇ ಅಂಕಿ ಇರತೈತಿ. ಎಲ್ಲಿ ಎಷ್ಟು ಹೋತು ಅಂತ ಬಿಡಿಸಿ ಹೇಳೂದಿಲ್ಲ, ಬರದ ಉತ್ತರಾನೂ ವಾಪಸ್ ಕೊಡೂದಿಲ್ಲ. ಅದಕ್ಕ ಮನ್ಯಾಗ ಲ್ಯಾಪ್‌ಟಾಪ್ ಇಟ್ಕೊಂಡು, ಅದೇ ಒಂದು ತಾಸಿನ ಲೆಕ್ಕದಾಗ ಹೊಸಾ ಪ್ರಶ್ನೆಪತ್ರಿಕೆ ಬರದು, ಧಾರವಾಡದ ಸಪ್ತಾಪುರದಾಗ ಇರೋ ನಮ್ಮ ಹಳೇ ಇಂಗ್ಲಿಷ್ ಸರ್ ಕಡೆ ಒಯ್ದೆ. ಅವರು ರಿಟೈರ್ ಆದ್ರೂ ಕೆಂಪು ಪೆನ್ ಬಿಟ್ಟಿಲ್ಲ.

ಮೊದಲನೇ ಟಾಸ್ಕಿನ್ಯಾಗ ಒಂದು ಗ್ರಾಫ್ ಇತ್ತು. ಒಂದೂರಿನ ಜನ ಕೆಲಸಕ್ಕ ಹೆಂಗ ಹೋಗ್ತಾರ ಅನ್ನೋದು. ಬಸ್ಸಿನ್ಯಾಗ ಹೋಗೋರು ನೂರಕ್ಕ 60 ಇದ್ದೋರು 35ಕ್ಕ ಇಳದಾರ, ಬೈಕಿನೋರು 15ರಿಂದ 40ಕ್ಕ ಏರ್‍ಯಾರ, ರೈಲಿನೋರು 25ರ ಹತ್ರನ ನಿಂತಾರ. ನಾ ಪ್ರತಿ ವರ್ಷದ ಪ್ರತಿ ಅಂಕಿ ಒಂದೂ ಬಿಡದ ಬರದಿದ್ದೆ. ಸರ್ ಓದಿ, ಕನ್ನಡಕ ತಗದು, "ಏನವಾ, ಇದು ಕಿರಾಣಿ ಅಂಗಡಿ ಉದ್ರಿ ಖಾತೆ ಆತಲ್ಲ? ಒಟ್ಟು ಏನಾತು ಅಂತ ಎಲ್ಲಿ ಹೇಳಿ?" ಅಂದ್ರು.

ಅಲ್ಲೇ ಐತಿ ಗುಟ್ಟು. ಐಇಎಲ್‌ಟಿಎಸ್‌ನೋರು ಬ್ಯಾಂಡ್ ಡಿಸ್ಕ್ರಿಪ್ಟರ್ ಅಂತ ಒಂದು ಕೋಷ್ಟಕ ಎಲ್ಲಾರಿಗೂ ಸಿಗೂವಂಗ ಇಟ್ಟಾರ. ಅದರ ಪ್ರಕಾರ ಓವರ್‌ವ್ಯೂ, ಅಂದ್ರ ಒಟ್ಟು ಏನಾತು ಅನ್ನೋ ಸಾರ, ಸ್ಪಷ್ಟ ಇಲ್ಲದ, ಬರೇ ವಿವರ ಒಪ್ಪಿಸಿದ ಉತ್ತರ ಆ ಅಳತ್ಯಾಗ 5ರ ಮಟ್ಟದ್ದು. ನಂದು ಅಲ್ಲೇ ನಿಂತಿತ್ತು. ಬೇಕಾಗಿದ್ದು ಒಂದೆರಡು ವಾಕ್ಯ ಅಷ್ಟ: ಬಸ್ಸಿನ ಪಾಲು ಇಳೀತು, ಬೈಕಿಂದು ಏರಿ ಅದನ್ನ ದಾಟಿತು, ರೈಲಿಂದು ಹೆಚ್ಚೂಕಡಿಮಿ ಹಂಗ ಉಳೀತು. ಒಂದೂ ಅಂಕಿ ಇಲ್ಲ ನೋಡ್ರಿ ಇದ್ರಾಗ. ಅಂಕಿ ಇದರ ಕೆಳಗ, ಆರಿಸಿಕೊಂಡು ಬರಬೇಕು.

ಇದರ ಪೆಟ್ಟು ಎರಡನೇ ಟಾಸ್ಕಿಗೂ ಬಿತ್ತು. ಅಂಕಿ ಬರಕೋತ ಕೂತು ಅರ್ಧ ತಾಸು ಹೋಗಿತ್ತು. ಮೊದಲನೇದಕ್ಕ ಕೊಡಬೇಕಾದ್ದು 20 ನಿಮಿಷ, ಕಡಿಮಿ ಅಂದ್ರ 150 ಪದ. ಎರಡನೇದಕ್ಕ 40 ನಿಮಿಷ, ಕಡಿಮಿ ಅಂದ್ರ 250 ಪದ. ತೂಕದಾಗ ಎರಡನೇದು ಮೊದಲನೇದರ ದುಪ್ಪಟ್ಟು. ಅಂದಾಜಿಗೆ ಲೆಕ್ಕ ಹಾಕ್ರಿ: ಮೊದಲನೇದಕ್ಕ 5, ಎರಡನೇದಕ್ಕ 6 ಬಂತಂದ್ರ, 5ಕ್ಕ ಎರಡು 6 ಕೂಡಿಸಿ ಮೂರರಿಂದ ಭಾಗಿಸಿದ್ರ 5.67. ಅರ್ಧ ಬ್ಯಾಂಡಿನ ಲೆಕ್ಕದಾಗ ಅದು 5.5ರ ಹತ್ರ. ನನ್ನ ಕಾರ್ಡಿನ್ಯಾಗ ಇರೋದೂ ಅದ.

ಎರಡನೇದರಾಗ ಪ್ರಬಂಧ. ಎರಡೂ ಅಭಿಪ್ರಾಯ ಚರ್ಚಿಸಿ ನಿಮ್ಮ ನಿಲುವು ಹೇಳ್ರಿ ಅಂತ ಕೇಳಿದ್ರು. ಟೈಮ್ ಮುಗೀತಿತ್ತು, ನಿಲುವು ಕಡೀ ಸಾಲಿಗೆ ತುರುಕಿದ್ದೆ. ಸರ್ ಹೇಳಿದ ಬದಲಾವಣೆ ಇಷ್ಟ: ಪೀಠಿಕೆಯೊಳಗ ನಿಲುವು ಹೇಳು, ಪ್ರತಿ ಪ್ಯಾರಾದಾಗ ಅದರ ಎಳೆ ಇರಲಿ. ಇನ್ನ ಫರ್ದರ್‌ಮೋರ್, ಮೋರೋವರ್ ಅಂತ ವಾಕ್ಯಕ್ಕೊಂದು ಹಚ್ಚಿದ್ನೆಲ್ಲ ಅವರು ಗೀಟು ಹಾಕಿ ತಗದ್ರು. ತಗದಮ್ಯಾಲ ಓದಿದ್ರ ಅರ್ಥ ಒಂದೂ ಕಡದಿರಲಿಲ್ಲ! ಕೋಚಿಂಗಿನ್ಯಾಗ ಇವನ್ನ ಪಟ್ಟಿ ಮಾಡಿ ಬಾಯಿಪಾಠ ಮಾಡಸ್ತಾರಲ್ಲ, ನನಗಂತೂ ಅದು ಲಾಭಕ್ಕಿಂತ ಲುಕ್ಸಾನ ಜಾಸ್ತಿ ಅನಸ್ತೈತಿ.

ಈಗ ಬುಕಿಂಗ್ ವಿಚಾರ. ಮರುಮೌಲ್ಯಮಾಪನ ಕೇಳಾಕ ಪರೀಕ್ಷೆಯಿಂದ ಆರು ವಾರ ಟೈಮ್ ಐತಿ, ಬ್ಯಾಂಡ್ ಏರಿದ್ರ ಫೀ ವಾಪಸ್. ಮನ್ಯಾಗ ಸದಾ 7 ಬರೋರಿಗೆ ಪರೀಕ್ಷ್ಯಾಗ 5.5 ಬಂದ್ರ ಕೇಳೋದು ಸರಿ. ನನಗ ಸರ್ ಹಾಕಿದ ಮಾರ್ಕೂ ಅಷ್ಟ, ಹಿಂಗಾಗಿ ಬಿಟ್ಟೆ.

ನಾ ಆರಿಸಿದ್ದು ಒನ್ ಸ್ಕಿಲ್ ರೀಟೇಕ್. ರೈಟಿಂಗ್ ಒಂದನ್ನ ಮತ್ತ ಬರಿಯೋದು, ಉಳಿದ ಮೂರರ ಅಂಕ ಹಳೇವ ಹೊಸಾ ಕಾರ್ಡಿಗೆ ಬರ್ತಾವ. ಮೊದಲಿನ ಪರೀಕ್ಷೆ ಕಂಪ್ಯೂಟರ್ ಮ್ಯಾಲ ಕೊಟ್ಟಿದ್ದಿರಬೇಕು, ಆ ದಿನದಿಂದ 60 ದಿನದೊಳಗ ಮುಗೀಬೇಕು, ಒಂದು ಪರೀಕ್ಷೆಗೆ ಒಂದ ಸಲ. ಎಲ್ಲಾ ಯೂನಿವರ್ಸಿಟಿನೂ ಈ ಕಾರ್ಡ್ ಒಪ್ಪೂದಿಲ್ಲ, ಅದಕ್ಕ ದುಡ್ಡು ಕಟ್ಟೂ ಮೊದಲ ಅಡ್ಮಿಷನ್ ಆಫೀಸಿಗೆ ಮೇಲ್ ಹಾಕಿ ಬರವಣಿಗ್ಯಾಗ ಉತ್ತರ ಕೇಳೀನಿ. ಒಪ್ಪೂದಿಲ್ಲ ಅಂದ್ರ ನಾಲ್ಕೂ ಮತ್ತ ಬರೀಬೇಕು.

ಒಪ್ಪಿದ್ರೂ ತಕ್ಷಣ ಸ್ಲಾಟ್ ಹಿಡಿಯಂಗಿಲ್ಲ. ದಿನಾ ಮುಂಜಾನೆ ಒಂದು ಗ್ರಾಫ್, 20 ನಿಮಿಷಕ್ಕ ಅಲಾರಾಂ. ಗ್ರಾಫ್ ಮುಚ್ಚಿಟ್ಟು ನನ್ನ ಓವರ್‌ವ್ಯೂ ಅಷ್ಟ ತಮ್ಮಗ ಓದಿ ಹೇಳತೀನಿ, ಅಂವಾ ಗೆರಿ ಯಾವ ಕಡೆ ಹೊಂಟೈತಿ ಅಂತ ಹಾಳಿ ಮ್ಯಾಲ ತಗೀತಾನ. ಗ್ರಾಫಿಗೆ ಅದು ಹೊಂದಿದ್ರ ಪಾಸು. ಒಂದು ವಾರ ಸತತ ಅಲಾರಾಂ ಹೊಡಿಯೂ ಮೊದಲ ಹಿಂಗ ಪಾಸಾದ್ರ, ಬೆಂಗಳೂರು ಸೆಂಟರಿನ ತಾರೀಖು ನೋಡಿ, ಹುಬ್ಬಳ್ಳಿಯಿಂದ ರಾತ್ರಿ ಟ್ರೇನಿಗೆ ಟಿಕೆಟ್ ಮಾಡಸ್ತೀನಿ.