ಹಳೇಬೀಡಿನ ಆನೆ ಸಾಲು ಫೋಟೋದಲ್ಲಿ ಯಾಕೆ ಬಾಗುತ್ತೆ?

ಎಲ್ರಿಗೂ ನಮಸ್ಕಾರ. ಹಾಸನದಲ್ಲಿ ಕ್ಯಾಮೆರಾ ಹಿಡಿದೋರು ಹಳೇಬೀಡಿಗೆ ಹೋಗದೆ ಇರಲ್ಲ, ಅದಕ್ಕೆ ಅಲ್ಲಿಯದೇ ಒಂದು ಫೋಟೋ ಸ್ಕ್ರೀನ್ ಮೇಲೆ ಹಾಕಿದೀನಿ. ಹೊಯ್ಸಳೇಶ್ವರ ಗುಡಿ ಗೋಡೆಯ ಬುಡದ ಆನೆ ಸಾಲು, 18-55 ಕಿಟ್ ಲೆನ್ಸು, 18 ಎಂಎಂ, ಎಫ್ 3.5. ಗೋಡೆ ಅಲ್ಲಲ್ಲಿ ಮೂಲೆ ಮೂಲೆಯಾಗಿ ಮಡಿಚ್ಕೊಂಡು ಹೋಗುತ್ತಲ್ಲ, ಆ ಭಾಗ ಅಲ್ಲ, ಬೇಕು ಅಂತಲೇ ನೇರ ಇರೋ ತುಂಡನ್ನ ಎದುರಿಗೆ ನಿಂತು ತೆಗೆದಿದ್ದು. ಆದ್ರೂ ನೋಡಿ, ಫ್ರೇಮಿನ ಕೆಳಗಡೆ ಮಧ್ಯದ ಆನೆಗಳು ಜೋತುಬಿದ್ದಿವೆ, ಎರಡೂ ತುದಿಯವು ಮೇಲಕ್ಕೆ ಹೋಗಿವೆ. ಇದು ಬ್ಯಾರಲ್ ಡಿಸ್ಟಾರ್ಷನ್. ಇದೇ ಲೆನ್ಸನ್ನ 55ಕ್ಕೆ ಝೂಮ್ ಮಾಡಿದ್ರೆ ಸಾಮಾನ್ಯವಾಗಿ ಇದು ತುಂಬಾ ಕಮ್ಮಿ ಆಗುತ್ತೆ, ಕೆಲವು ಲೆನ್ಸಲ್ಲಿ ಉಲ್ಟಾ ಕಡೆಗೂ ಸ್ವಲ್ಪ ಬಾಗುತ್ತೆ.

ಈ ಬಾಗು ಸರಿ ಮಾಡೋಕೆ ಬಳಸೋದು ಲೆನ್ಸ್ ಪ್ರೊಫೈಲ್. ಪ್ರೊಫೈಲ್ ಅಂದ್ರೆ ಮತ್ತೇನಲ್ಲ, ಯಾರೋ ಒಬ್ರು ಇದೇ ಮಾಡೆಲ್ ಲೆನ್ಸಲ್ಲಿ ಬೇರೆ ಬೇರೆ ಫೋಕಲ್ ಲೆಂತ್‌ಗೆ ನೇರ ಗೆರೆ ಇರೋ ಕಟ್ಟಡನೋ ಚಾರ್ಟೋ ತೆಗೆದು, ಗೆರೆ ಎಷ್ಟು ಬಾಗ್ತು ಅಂತ ಅಳೆದು ಬರೆದಿಟ್ಟಿರೋ ನಂಬರ್‌ಗಳು. ಫೋಟೋ ತಿದ್ದೋಕೆ ಡಾರ್ಕ್‌ಟೇಬಲ್ ಬಳಸೋರಿಗೆ ಇದು ಲೆನ್ಸ್‌ಫನ್ ಅನ್ನೋ ಉಚಿತ ಡೇಟಾಬೇಸಿಂದ ಬರುತ್ತೆ, ಲೈಟ್‌ರೂಮಲ್ಲಿ Enable Profile Corrections ಟಿಕ್ ಮಾಡಿದ್ರಾಯ್ತು. ಫೋಟೋ ಜೊತೆ ಸೇವ್ ಆಗಿರೋ ಲೆನ್ಸ್ ಹೆಸರು, ಫೋಕಲ್ ಲೆಂತ್ ಓದ್ಕೊಂಡು ಸಾಫ್ಟ್‌ವೇರೇ ಪ್ರೊಫೈಲ್ ಆರಿಸುತ್ತೆ. ಹಳೇ ಮ್ಯಾನ್ಯುಯಲ್ ಲೆನ್ಸ್ ಅಡಾಪ್ಟರ್ ಹಾಕಿ ಬಳಸೋರಿಗೆ ಆ ಮಾಹಿತಿ ಇರಲ್ಲ, ನೀವೇ ಆರಿಸ್ಬೇಕು. ಟಿಕ್ ಮಾಡಿದ ಮೇಲೆ ಗೈಡ್ ಗೆರೆ ಎಳೆದು ಆನೆ ಸಾಲಿನ ಪಕ್ಕ ಇಡಿ, ಕಣ್ಣನ್ನ ನಂಬಬೇಡಿ.

ಇಲ್ಲಿ ತುಂಬಾ ಜನ ಎಡವೋದು ಜೆಪೆಗ್‌ನಲ್ಲಿ. ಈಗಿನ ಕ್ಯಾಮೆರಾಗಳಲ್ಲಿ ಲೆನ್ಸ್ ಕರೆಕ್ಷನ್ ಸೆಟ್ಟಿಂಗ್ ಆನ್ ಇದ್ರೆ ಜೆಪೆಗ್ ಬರೆಯೋವಾಗಲೇ ಡಿಸ್ಟಾರ್ಷನ್ ಸರಿ ಮಾಡಿರುತ್ತೆ, ಅದರ ಮೇಲೆ ನೀವು ಇನ್ನೊಂದ್ಸಲ ಪ್ರೊಫೈಲ್ ಹಾಕಿದ್ರೆ ಈ ಸಲ ಮಧ್ಯದ ಆನೆಗಳು ಮೇಲೆದ್ದು ತುದಿಯವು ಕೆಳಗಿಳಿಯುತ್ವೆ. ಹಂಗೆ ಕಂಡ್ರೆ ಎರಡ್ಸಲ ಸರಿ ಮಾಡಿದೀರಾ ಅಂತಲೇ ಅರ್ಥ. ರಾ ಫೈಲಲ್ಲಿ ಶುರು ಮಾಡೋದೇ ಒಳ್ಳೇದು. ಇನ್ನು ಕ್ಯಾಮೆರಾ ಮೇಲಕ್ಕೆತ್ತಿ ತೆಗೆದಾಗ ಕಂಬಗಳು ಒಂದಕ್ಕೊಂದು ಒರಗ್ತಾವಲ್ಲ, ಅದು ಲೆನ್ಸಿನ ತಪ್ಪಲ್ಲ, ಕ್ಯಾಮೆರಾ ಓರೆ ಹಿಡಿದಿದ್ದರದ್ದು, ಪ್ರೊಫೈಲ್ ಅದನ್ನ ಮುಟ್ಟಲ್ಲ. ಮೊದಲು ಪ್ರೊಫೈಲ್, ಆಮೇಲೆ ಆ ಒರಗು ಸರಿ ಮಾಡಿ.

ಈಗ ಬಣ್ಣದ ಅಂಚು. ಅದೇ ಫೋಟೋದ ಮೇಲಿನ ಮೂಲೆ ಝೂಮ್ ಮಾಡ್ತೀನಿ, ಕಲ್ಲಿನ ಚಾವಣಿ ಅಂಚು ಬಿಳೀ ಆಕಾಶಕ್ಕೆ ತಾಗೋ ಕಡೆ ನೋಡಿ, ಒಂದು ಪಕ್ಕ ಕೆಂಪು, ಇನ್ನೊಂದು ಪಕ್ಕ ಹಸಿರು-ನೀಲಿ. ಲೆನ್ಸು ಕೆಂಪು ಬಣ್ಣದ ಚಿತ್ರವನ್ನ ಹಸಿರಿಗಿಂತ ಒಂದು ಚೂರು ದೊಡ್ಡದಾಗಿ ಬೀಳಿಸಿದೆ ಅಷ್ಟೆ. ಎಷ್ಟು ಚೂರು ಅಂತೀರಾ? 6000 x 4000 ಪಿಕ್ಸೆಲ್ ಫೋಟೋದಲ್ಲಿ ಮಧ್ಯದಿಂದ ಮೂಲೆಗೆ ಸುಮಾರು 3600 ಪಿಕ್ಸೆಲ್, ಕೆಂಪು ಶೇಕಡ 0.05 ದೊಡ್ಡದಾದ್ರೂ ಮೂಲೆಯಲ್ಲಿ ಹತ್ರ ಹತ್ರ ಎರಡು ಪಿಕ್ಸೆಲ್ ಅಂಚು ಬಂತು, ಮಧ್ಯದಲ್ಲಿ ಏನೂ ಇಲ್ಲ. ಆ ಕೆಂಪನ್ನ ಅಷ್ಟೇ ಕುಗ್ಗಿಸಿದ್ರೆ ಹೋಯ್ತು. ಅಪರ್ಚರ್ ಚಿಕ್ಕದು ಮಾಡಿದ್ರೆ ಇದು ಹೋಗಲ್ಲ, ಸುಮ್ನೆ ಪ್ರಯತ್ನ ಪಡಬೇಡಿ. ಆದ್ರೆ ಫ್ರೇಮಿನ ಮಧ್ಯದಲ್ಲೂ ನೇರಳೆ ಅಂಚು ಇದ್ರೆ, ಎಲೆಗಳ ಸುತ್ತ ನಾಲ್ಕೂ ಕಡೆ ಇದ್ರೆ, ಅದು ಬೇರೆ ಕಾಯಿಲೆ, ಬಣ್ಣಗಳು ಬೇರೆ ಬೇರೆ ದೂರದಲ್ಲಿ ಫೋಕಸ್ ಆಗ್ತಿವೆ. ಅದು ಅಪರ್ಚರ್ ಚಿಕ್ಕದು ಮಾಡಿದ್ರೆ ಕಮ್ಮಿ ಆಗುತ್ತೆ, ಪ್ರೊಫೈಲಿಗೆ ಬಗ್ಗಲ್ಲ, ಡಿಫ್ರಿಂಜ್ ಸ್ಲೈಡರ್ ಬೇಕು. ಅದನ್ನ ಜಾಸ್ತಿ ಎಳೆದ್ರೆ ನೇರಳೆ ಸೀರೆ ಉಟ್ಟೋರ ಸೆರಗಿನ ಅಂಚೂ ಬೂದಿ ಬಣ್ಣ ಆಗುತ್ತೆ, ಜೋಪಾನ.

ಮಸುಕು ಮೂಲೆ ವಿಷಯದಲ್ಲಿ ಮಾತ್ರ ಪ್ರೊಫೈಲ್ ಮೇಲೆ ಜಾಸ್ತಿ ಆಸೆ ಇಟ್ಕೋಬೇಡಿ. ಬ್ಯಾರಲ್ ಸರಿ ಮಾಡೋದು ಅಂದ್ರೆ ಮೂಲೆಗಳನ್ನ ಹೊರಕ್ಕೆ ಎಳೆಯೋದು, ಮೊದಲೇ ಮಸುಕಾಗಿರೋ ಮೂಲೆ ಇನ್ನೂ ಮಸುಕಾಗುತ್ತೆ, ಕತ್ತಲಾದ ಮೂಲೆಗೆ ಬೆಳಕು ಏರಿಸಿದಾಗ ನಾಯ್ಸೂ ಏರುತ್ತೆ. ಡಿಎಕ್ಸ್‌ಓ ಥರದ ಸಾಫ್ಟ್‌ವೇರ್‌ಗಳು ಮೂಲೆಗೆ ಎಷ್ಟು ಶಾರ್ಪ್ ಮಾಡ್ಬೇಕು ಅಂತಲೂ ಅಳೆದಿಟ್ಕೊಂಡಿರ್ತಾವೆ, ಎಲ್ಲ ಪ್ರೊಫೈಲಲ್ಲೂ ಅದು ಇರಲ್ಲ. ನನ್ನ ಕೇಳಿದ್ರೆ ಅಲ್ಲೇ ಎಫ್ 8ಕ್ಕೆ ಇಟ್ಟು ತೆಗೆಯೋದೇ ವಾಸಿ.

ನಾಲ್ಕು ಮೂಲೆಲಿ ಒಂದೇ ಮಸುಕಾಗಿದ್ರೆ? ಪ್ರೊಫೈಲ್ ನಾಲ್ಕೂ ಮೂಲೆ ಒಂದೇ ಥರ ಅಂತ ಅಂದ್ಕೊಂಡಿರುತ್ತೆ, ಅದಕ್ಕಿದು ಗೊತ್ತಾಗಲ್ಲ. ಚಪ್ಪಟೆ ಗೋಡೆ ಎದುರು ಒಂದು ಫೋಟೋ ತೆಗೀರಿ, ಆಮೇಲೆ ಕ್ಯಾಮೆರಾ ತಲೆಕೆಳಗು ಮಾಡಿ ಇನ್ನೊಂದು. ಎರಡರಲ್ಲೂ ಸೆನ್ಸಾರಿನ ಅದೇ ಮೂಲೆ ಮಸುಕಾದ್ರೆ ಲೆನ್ಸ್ ಒಳಗಿನ ಗಾಜು ಓರೆಯಾಗಿರಬೇಕು, ರಿಪೇರಿಗೆ ಕೊಡಿ. ಮಸುಕು ಗೋಡೆಯ ಅದೇ ಜಾಗದಲ್ಲೇ ಉಳೀತು ಅಂದ್ರೆ ನೀವು ಗೋಡೆಗೆ ಓರೆಯಾಗಿ ನಿಂತಿದ್ರಿ.