ಹತ್ತು ವರ್ಷಕ್ಕೆ ಕೆಲಸ ಬಿಟ್ಟರೆ ನಿಮ್ಮ ಪೆನ್ಷನ್ ಏನಾಗುತ್ತದೆ?

ನಮಸ್ಕಾರ. ಮೊದಲ ಸಂಬಳದ ಸ್ಲಿಪ್ ಬಂದಿದೆ, ನಿವೃತ್ತಿಗೆಂದು ಒಂದಷ್ಟು ದುಡ್ಡು ಮುರಿದುಕೊಂಡಿದ್ದಾರೆ. ಅದು ಯಾವ ಬಗೆಯ ಯೋಜನೆಗೆ ಹೋಗುತ್ತಿದೆ ಅಂತ ಕೇಳಿದ್ದೀರಾ?

ಇರುವುದು ಮುಖ್ಯವಾಗಿ ಎರಡು ಬಗೆ. ಡಿಫೈನ್ಡ್ ಬೆನಿಫಿಟ್‌ನಲ್ಲಿ ನಿವೃತ್ತಿಯ ನಂತರ ತಿಂಗಳಿಗೆ ಎಷ್ಟು ಸಿಗಬೇಕು ಅನ್ನುವ ಸೂತ್ರ ಮೊದಲೇ ಬರೆದಿರುತ್ತದೆ. ಹೂಡಿಕೆ ಕೈಕೊಟ್ಟರೆ ಕೊರತೆ ತುಂಬುವ ಹೊಣೆ ಕೆಲಸ ಕೊಟ್ಟವರದು. ಡಿಫೈನ್ಡ್ ಕಾಂಟ್ರಿಬ್ಯೂಷನ್‌ನಲ್ಲಿ ನಿಗದಿಯಾಗಿರುವುದು ಪ್ರತಿ ತಿಂಗಳು ಕಟ್ಟುವ ಮೊತ್ತ ಮಾತ್ರ. ಕೊನೆಗೆ ಎಷ್ಟಾಗುತ್ತದೋ ಅದು ಮಾರುಕಟ್ಟೆಗೆ ಬಿಟ್ಟದ್ದು, ಲಾಭವೂ ನಷ್ಟವೂ ನಿಮ್ಮದೇ.

ಹಾಗಾದರೆ ಮೊದಲನೆಯದೇ ಒಳ್ಳೆಯದು ಅಲ್ವಾ? ಅಲ್ಲೇ ಕೆಲಸದಲ್ಲಿ ಉಳಿದರೆ ಹೌದು. ಬಿಟ್ಟರೆ? ಲೆಕ್ಕ ಹಾಕೋಣ.

[ಪರದೆಯ ಮೇಲೆ: ಸೇವೆಯ ವರ್ಷ × 1.5% × ಕೊನೆಯ ಸಂಬಳ]

ಸೂತ್ರ ಇದು ಅಂತಿಟ್ಟುಕೊಳ್ಳಿ. ನಿಮ್ಮ ತಿಂಗಳ ಸಂಬಳ ಇವತ್ತು 100. ಹತ್ತು ವರ್ಷಕ್ಕೆ 200 ಆಯಿತು, ಆಗ ಕೆಲಸ ಬಿಟ್ಟಿರಿ. ಹತ್ತು ವರ್ಷಕ್ಕೆ 15%, ಅಂದರೆ ಮುಂದೆ ತಿಂಗಳಿಗೆ 30 ಪೆನ್ಷನ್. ಬಿಡದೆ ಮೂವತ್ತು ವರ್ಷ ಇದ್ದು, ಕೊನೆಯ ಸಂಬಳ 600 ಆಗಿದ್ದರೆ? ಒಟ್ಟು 270. ಅದರಲ್ಲಿ ಮೊದಲ ಹತ್ತು ವರ್ಷದ ಪಾಲೇ 90. ಅದೇ ದುಡಿಮೆ, ಬಿಟ್ಟು ಹೋದವರಿಗೆ 30, ಉಳಿದವರಿಗೆ 90. ಬಿಟ್ಟ ದಿನದ ಸಂಬಳಕ್ಕೇ ಲೆಕ್ಕ ನಿಂತುಹೋಗುವುದು ಇದಕ್ಕೆ ಕಾರಣ. ಕೆಲವು ಯೋಜನೆಗಳು ಆ 30ನ್ನು ಬೆಲೆ ಏರಿಕೆಗೆ ತಕ್ಕಂತೆ ಹೆಚ್ಚಿಸುತ್ತವೆ. ನಿಮ್ಮದರಲ್ಲಿ ಹೀಗಿದೆಯಾ ಅಂತ ನಿಯಮದ ಪುಸ್ತಕದಲ್ಲಿ ನೋಡಲೇಬೇಕು.

ಈಗ ಇನ್ನೊಂದು ಬಗೆ. ತಿಂಗಳಿಗೆ ನೀವು 10, ಕಂಪನಿ 10 ಕಟ್ಟುತ್ತೀರಿ. ಮೊದಲ ವರ್ಷ ಸೇರಿದ್ದು 240. ಕೆಲಸ ಬಿಟ್ಟರೂ ಆ ಹಣ ನಿಮ್ಮ ಹೆಸರಿನಲ್ಲಿ ಹೂಡಿಕೆಯಲ್ಲೇ ಇರುತ್ತದೆ. ವರ್ಷಕ್ಕೆ 7% ಬೆಳೆದರೆ 35 ವರ್ಷದಲ್ಲಿ ಸುಮಾರು 2,560. ಫಂಡ್‌ನವರು 1% ಶುಲ್ಕ ತೆಗೆದುಕೊಂಡು ಬೆಳವಣಿಗೆ 6%ಕ್ಕೆ ಇಳಿದರೆ ಸುಮಾರು 1,845 ಮಾತ್ರ. ಒಂದು ಪರ್ಸೆಂಟ್ ತಾನೇ ಅಂತ ಸುಮ್ನೆ ಬಿಡಬೇಡಿ, ಕಾಲು ಭಾಗಕ್ಕಿಂತ ಜಾಸ್ತಿ ಹೋಯಿತು! ಇದರಲ್ಲಿ ನನಗೆ ಹೆಚ್ಚು ಭಯ ಇರುವುದು ಕೊನೆಯ ಕೆಲವು ವರ್ಷಗಳ ಬಗ್ಗೆ. ಆಗ ಮಾರುಕಟ್ಟೆ ಬಿದ್ದರೆ ಚೇತರಿಸಿಕೊಳ್ಳಲು ಸಮಯ ಇರುವುದಿಲ್ಲ. ಅದಕ್ಕೇ ವಯಸ್ಸಾದಂತೆ ಶೇರಿನ ಪಾಲು ಇಳಿಸುತ್ತಾ ಬರುತ್ತಾರೆ.

ಎರಡರಲ್ಲೂ ವೆಸ್ಟಿಂಗ್ ಅನ್ನುವ ನಿಯಮ ಇರಬಹುದು. ಇಷ್ಟು ವರ್ಷ ತುಂಬುವ ಮೊದಲೇ ಬಿಟ್ಟರೆ ಕಂಪನಿಯ ಪಾಲು ನಿಮಗೆ ಪೂರ್ತಿ ಸಿಗುವುದಿಲ್ಲ, ನೀವು ಕಟ್ಟಿದ್ದು ಮಾತ್ರ ಪೂರ್ತಿ ನಿಮ್ಮದು. ಎರಡು ಮೂರು ವರ್ಷಕ್ಕೆ ಕೆಲಸ ಬದಲಿಸುವ ಯೋಚನೆ ಇದ್ದರೆ, ರಾಜೀನಾಮೆ ಕೊಡುವ ಮೊದಲು ಎಚ್‌ಆರ್ ಹತ್ತಿರ ವೆಸ್ಟಿಂಗ್ ತುಂಬುವ ತಾರೀಖು ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ.