ಕಾಚಂಪುಳಿ ಮಾರುವವರಿಗೆ ನಾಲ್ಕು ದಾರಿ

ಕೇಳುಗರಿಗೆ ನಮಸ್ಕಾರ.

ಮಳೆಗಾಲದಲ್ಲಿ ಪಣಪುಳಿ ಹಣ್ಣು ಆರಿಸಿ, ರಸ ಇಳಿಸಿ, ಅದು ಕಪ್ಪಾಗಿ ಮಂದವಾಗುವ ತನಕ ಕುದಿಸಿ ಕಾಚಂಪುಳಿ ಮಾಡುವ ಮನೆಗಳು ನಮ್ಮ ಕೊಡಗಿನಲ್ಲಿ ಇವೆ. ಕೆಲವರು ಮನೆಗೆ ಸಾಕಾಗುವಷ್ಟು ಇಟ್ಟುಕೊಂಡು ಉಳಿದದ್ದನ್ನು ಮಾರುತ್ತಾರೆ. ಕೆಲವರಿಗೆ ಅದೇ ಒಂದು ಸಣ್ಣ ಉದ್ಯಮ. ಅಂಥವರಿಗೆ ಒಂದಲ್ಲ ಒಂದು ದಿನ ಈ ಯೋಚನೆ ಬಂದೇ ಬರುತ್ತದೆ: ವ್ಯಾಪಾರ ದೊಡ್ಡದು ಮಾಡಬೇಕು, ಆದರೆ ಯಾವ ಕಡೆಗೆ? ಬೆಲೆ ಇಳಿಸಿ ಇಲ್ಲೇ ಜಾಸ್ತಿ ಮಾರುವುದಾ? ಬೆಂಗಳೂರಿಗೆ ಕಳಿಸುವುದಾ? ಮಸಾಲೆ ಪುಡಿಯನ್ನೂ ಶುರು ಮಾಡುವುದಾ? ಇಲ್ಲ, ಬೇರೆಯೇ ಏನಾದರೂ ಹಿಡಿಯುವುದಾ?

ಈ ನಾಲ್ಕು ಪ್ರಶ್ನೆಗಳನ್ನು ಒಂದು ಚೌಕದಲ್ಲಿ ಇಟ್ಟು ತೋರಿಸಿದವರು ಇಗೋರ್ ಆನ್ಸಾಫ್. ರಷ್ಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಇವರು 1957ರಲ್ಲಿ ಒಂದು ಲೇಖನ ಬರೆದರು. ಅವರು ಕೇಳಿದ್ದು ಎರಡೇ ಮಾತು. ಸರಕು ಹಳೆಯದಾ, ಹೊಸದಾ? ಗಿರಾಕಿ ಹಳಬರಾ, ಹೊಸಬರಾ? ಹಳೇ ಸರಕನ್ನು ಹಳೇ ಗಿರಾಕಿಗೇ ಜಾಸ್ತಿ ಮಾರಿದರೆ ಅದು ಇರುವ ಮಾರುಕಟ್ಟೆಯೊಳಗೇ ಬೆಳೆಯುವುದು. ಹಳೇ ಸರಕನ್ನು ಹೊಸ ಗಿರಾಕಿಗೆ ಒಯ್ದರೆ ಮಾರುಕಟ್ಟೆ ವಿಸ್ತರಣೆ. ಹಳೇ ಗಿರಾಕಿಗೆ ಹೊಸ ಸರಕು ಕೊಟ್ಟರೆ ಉತ್ಪನ್ನ ಅಭಿವೃದ್ಧಿ. ಎರಡೂ ಹೊಸದಾದರೆ ವೈವಿಧ್ಯೀಕರಣ. ಮೊದಲ ಮೂರಕ್ಕೆ ಸಾಮಾನ್ಯವಾಗಿ ನಮ್ಮಲ್ಲಿ ಈಗಾಗಲೇ ಇರುವ ಕೌಶಲ, ಹಣ, ಮಾರಾಟದ ಏರ್ಪಾಡು ಸಾಕು, ನಾಲ್ಕನೆಯದಕ್ಕೆ ಹೊಸ ಕೌಶಲವೂ ಹೊಸ ಸಲಕರಣೆಯೂ ಬೇಕು ಎಂದು ಅವರು ಆಗಲೇ ಬರೆದಿದ್ದರು.

ಇದನ್ನು ಒಂದು ಮನೆಯ ಲೆಕ್ಕ ಹಿಡಿದು ನೋಡೋಣ. ಗೋಣಿಕೊಪ್ಪದ ಹತ್ತಿರ ಒಂದು ಮನೆ ಇದೆ ಎಂದುಕೊಳ್ಳಿ. ಗಂಡ ಹೆಂಡತಿ ಸೇರಿ ವರ್ಷಕ್ಕೆ 400 ಲೀಟರ್ ಕಾಚಂಪುಳಿ ಮಾಡುತ್ತಾರೆ. ಅರ್ಧ ಲೀಟರಿನ 800 ಬಾಟಲಿ ಆಗುತ್ತದೆ. ಒಂದು ಬಾಟಲಿಗೆ 500 ರೂಪಾಯಿ. ಹಣ್ಣು, ಸೌದೆ, ಕೂಲಿ, ಬಾಟಲಿ ಎಲ್ಲ ಸೇರಿ ಖರ್ಚು 350. ಕೈಗೆ ಉಳಿಯುವುದು 150. ಅಂದರೆ ವರ್ಷಕ್ಕೆ 1,20,000 ರೂಪಾಯಿ. ಇವು ಉದಾಹರಣೆಗೆ ನಾನೇ ಇಟ್ಟುಕೊಂಡ ಅಂಕಿಗಳು. ನಿಮ್ಮ ಮನೆಯ ಅಂಕಿಗಳನ್ನು ಹಾಕಿಕೊಂಡು ನೋಡಿ.

ಮೊದಲ ದಾರಿಯಲ್ಲಿ ಎಲ್ಲರಿಗೂ ತಕ್ಷಣ ಹೊಳೆಯುವುದು ಬೆಲೆ ಇಳಿಸುವುದು. 500 ಇದ್ದದ್ದನ್ನು 450 ಮಾಡೋಣ, ಜನ ಜಾಸ್ತಿ ಕೊಳ್ಳುತ್ತಾರೆ ಎಂದು. ಈಗ ಬಾಟಲಿಗೆ ಉಳಿಯುವುದು 100 ರೂಪಾಯಿ. ಮೊದಲಿನಷ್ಟೇ ಹಣ ಕೈಗೆ ಬರಬೇಕಾದರೆ 800 ಅಲ್ಲ, 1,200 ಬಾಟಲಿ ಮಾರಬೇಕು. ಬೆಲೆ ಇಳಿಸಿದ್ದು ಹತ್ತನೇ ಒಂದು ಪಾಲು, ದುಡಿಮೆ ಹೆಚ್ಚಿದ್ದು ಅರ್ಧದಷ್ಟು. ಅಷ್ಟು ಮಾರಿದರೂ ಲಾಭ ಒಂದು ರೂಪಾಯಿಯೂ ಹೆಚ್ಚಲ್ಲ.

ಅದಕ್ಕಿಂತ ಮುಖ್ಯವಾದ ಮಾತು, ಅಷ್ಟು ಹಣ್ಣು ಎಲ್ಲಿಂದ ಬರಬೇಕು? ಪಣಪುಳಿ ವರ್ಷಕ್ಕೆ ಒಂದೇ ಸಲ, ಅದೂ ಜಡಿಮಳೆಯಲ್ಲಿ ಹಣ್ಣಾಗುವುದು. ಬೀಜದಿಂದ ಬಂದ ಗಿಡ ಫಲ ಕೊಡಲು ಬಹಳ ವರ್ಷ ಬೇಕು. ಅದರಲ್ಲೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಂಡು ಮರ ಹಣ್ಣು ಬಿಡುವುದಿಲ್ಲ. ಆನ್ಸಾಫರ ಚೌಕದಲ್ಲಿ ಸರಕು ಮತ್ತು ಗಿರಾಕಿಯ ಪ್ರಶ್ನೆ ಇದೆ, ಕಚ್ಚಾ ಮಾಲಿನ ಪ್ರಶ್ನೆ ಇಲ್ಲ. ಬೇಕೆಂದಷ್ಟು ತಯಾರಿಸಬಲ್ಲ ಕಾರ್ಖಾನೆಗೆ ಅದು ನಡೆಯುತ್ತದೆ. ನಮ್ಮ ಥರದ ಊಟದ ಸರಕಿಗೆ ಆ ಮೂರನೇ ಪ್ರಶ್ನೆಯನ್ನು ನಾವೇ ಸೇರಿಸಿಕೊಳ್ಳಬೇಕು. ಇರುವ 400 ಲೀಟರಿನಲ್ಲಿ ಒಂದೊಂದು ಲೀಟರಿಗೂ ಯಾವ ದಾರಿಯಲ್ಲಿ ಜಾಸ್ತಿ ಬೆಲೆ ಸಿಗುತ್ತದೆ? ನನ್ನ ಪ್ರಕಾರ ಇಲ್ಲಿ ಕೇಳಬೇಕಾದ ನಿಜವಾದ ಪ್ರಶ್ನೆ ಇದೇ.

ಹಾಗಂತ ಮೊದಲ ದಾರಿ ಬೇಡವೇ ಬೇಡ ಎಂದಲ್ಲ. ಒಂದು ಮನೆ ಕಾಚಂಪುಳಿಯನ್ನು ಚಮಚದ ಲೆಕ್ಕದಲ್ಲಿ ಬಳಸುತ್ತದೆ. ಒಂದು ಬಾಟಲಿ ತಂದರೆ ತಿಂಗಳುಗಟ್ಟಲೆ ಬರುತ್ತದೆ. ಬೆಲೆ ಇಳಿಸಿದರೂ ಆ ಮನೆಯವರು ಎರಡು ಪಟ್ಟು ಹುಳಿ ತಿನ್ನುವುದಿಲ್ಲ, ಅಲ್ವಾ? ಆದರೆ ವಾರಕ್ಕೆ ಎರಡು ಸಲ ಪಂದಿ ಕರಿ ಮಾಡುವ ಹೋಂಸ್ಟೇ ಬೇಗ ಬೇಗ ಖಾಲಿ ಮಾಡುತ್ತದೆ. ಅಲ್ಲಿ ಬೇಕಾಗುವುದು ಅಗ್ಗದ ಬೆಲೆಗಿಂತ ನಂಬಿಕೆ. ನೀರು ಬೆರೆಸಿದ ಕಾಚಂಪುಳಿ ಸಿಕ್ಕಿದರೆ ಅಡುಗೆಯವರಿಗೆ ಅಳತೆ ತಪ್ಪುತ್ತದೆ. ಹಾಗಾಗಿ ಬಾಟಲಿಯ ಮೇಲೆ ಯಾವ ಕುದಿತದ್ದು, ಎಂದು ಕುದಿಸಿದ್ದು ಎಂದು ಬರೆದು, ಪ್ರತಿ ಸಲ ಒಂದೇ ಮಂದಕ್ಕೆ ಇಳಿಸಿ ಕೊಟ್ಟರೆ 500 ರೂಪಾಯಿಗೇ ಮಾರಬಹುದು.

ಎರಡನೇ ದಾರಿ ಬೆಂಗಳೂರು. ಇಲ್ಲಿ ಬಹಳ ಜನ ಎರಡು ಬೇರೆ ಬೇರೆ ಗಿರಾಕಿಗಳನ್ನು ಒಂದೇ ಎಂದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಮನೆ ಮಾಡಿರುವ ಕೊಡಗಿನವರಿಗೆ ಕಾಚಂಪುಳಿ ಏನೆಂದು ಹೇಳಬೇಕಾಗಿಲ್ಲ. ಅವರು ಊರು ಬಿಟ್ಟು ದೂರ ಹೋದ ಹಳೇ ಗಿರಾಕಿಗಳು. ಅವರಿಗೆ ಬೇಕಾದದ್ದು ಒಡೆಯದೆ ತಲುಪುವ ಪಾರ್ಸೆಲ್, ಅಷ್ಟೆ. ಆದರೆ ಕಾಚಂಪುಳಿಯ ಹೆಸರೇ ಕೇಳದವರು ನಿಜವಾಗಿ ಹೊಸ ಗಿರಾಕಿಗಳು. ಅವರಿಗೆ ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಎಂಬುದರಿಂದ ಹಿಡಿದು ಎಲ್ಲವನ್ನೂ ಹೇಳಬೇಕು. ಹುಣಸೆಹುಳಿಯ ಹಾಗೆ ಧಾರಾಳವಾಗಿ ಸುರಿದರೆ ಸಾರು ಕೆಡುತ್ತದೆ. ಆಮೇಲೆ ಆ ಬಾಟಲಿ ಕಪಾಟಿನಲ್ಲೇ ಕೂತಿರುತ್ತದೆ.

ಖರ್ಚಿನ ಲೆಕ್ಕವೂ ಬೇರೆ. ಅಂಗಡಿಯವರು ನೂರಕ್ಕೆ 30 ಇಟ್ಟುಕೊಂಡರೆ 500ರ ಬಾಟಲಿಯಿಂದ ನಮಗೆ ಬರುವುದು 350. ಅಂದರೆ ಅಸಲು ಮಾತ್ರ. ಕಳಿಸುವ ಖರ್ಚು ಕೈಯಿಂದ. ಆದ್ದರಿಂದ ಗೋಣಿಕೊಪ್ಪದ ಬೆಲೆಯನ್ನು ಬೆಂಗಳೂರಿನ ಅಂಗಡಿಗೆ ಕೊಡಲು ಆಗುವುದಿಲ್ಲ. ಇನ್ನು ಕೇರಳಕ್ಕೋ ಚೆನ್ನೈಗೋ ಮಾರುವುದಾದರೆ ಒಂದು ನಿಯಮ ನೆನಪಿರಲಿ. ತೆರಿಗೆ ಇರುವ ಸರಕನ್ನು ಹೊರ ರಾಜ್ಯಕ್ಕೆ ಮಾರಲು ವಹಿವಾಟು ಎಷ್ಟೇ ಸಣ್ಣದಿದ್ದರೂ ಜಿಎಸ್‌ಟಿ ನೋಂದಣಿ ಬೇಕು. ರಾಜ್ಯದೊಳಗೆ ಸಣ್ಣ ವ್ಯಾಪಾರಿಗೆ ಸಿಗುವ ವಿನಾಯಿತಿ ಗಡಿ ದಾಟಿದ ಮೇಲೆ ಸಿಗುವುದಿಲ್ಲ.

ಈ ದಾರಿ ಸರಿ ಹೋಗುತ್ತಿದೆಯಾ ಎಂದು ತಿಳಿಯುವುದು ಹೇಗೆ? ಮೊದಲ ಸಲ ಕೊಂಡವರನ್ನು ಎಣಿಸಬೇಡಿ. ಮೇಳದಲ್ಲಿ, ಸಂತೆಯಲ್ಲಿ ಹೊಸದೊಂದು ಕಂಡರೆ ಜನ ಸುಮ್ನೆ ಒಂದು ಕೊಳ್ಳುತ್ತಾರೆ. ಎರಡನೇ ಸಲ ಕೇಳಿದವರು ಎಷ್ಟು ಜನ ಎಂದು ನೋಡಿ. ಇಲ್ಲಿ ಬಾಟಲಿಯ ಅಳತೆ ಕೆಲಸಕ್ಕೆ ಬರುತ್ತದೆ. ಅರ್ಧ ಲೀಟರ್ ಕೊಟ್ಟರೆ ಅದು ಮುಗಿಯಲು ವರ್ಷವಾದರೂ ಆದೀತು, ಅಲ್ಲಿಯ ತನಕ ನಮಗೇನೂ ಗೊತ್ತಾಗುವುದಿಲ್ಲ. 100 ಮಿಲಿಲೀಟರಿನ ಬಾಟಲಿ ಕೊಟ್ಟರೆ ಕೆಲವು ತಿಂಗಳಲ್ಲೇ ಉತ್ತರ ಸಿಗುತ್ತದೆ. ಅಂದ ಹಾಗೆ, ಸಣ್ಣ ಬಾಟಲಿ ಮಾಡಿದ ಮಾತ್ರಕ್ಕೆ ಅದು ಹೊಸ ಸರಕು ಆಗುವುದಿಲ್ಲ. ಒಳಗಿರುವುದು ಅದೇ, ಬಳಸುವ ರೀತಿಯೂ ಅದೇ.

ಮೂರನೇ ದಾರಿಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಯಾಕೆಂದರೆ ಹಣ್ಣಿನ ಕೊರತೆಗೆ ಉತ್ತರ ಇಲ್ಲಿದೆ. ಕೊಡಗಿಗೆ ಬಂದು ಹೋಂಸ್ಟೇಯಲ್ಲಿ ಪಂದಿ ಕರಿ ತಿಂದವರು ಇದನ್ನು ಮನೆಯಲ್ಲಿ ಮಾಡುವುದು ಹೇಗೆ ಎಂದು ಕೇಳುತ್ತಾರೆ. ಆ ಹೋಂಸ್ಟೇಯವರು ಈಗಾಗಲೇ ನಮ್ಮ ಬಾಟಲಿ ಕೊಳ್ಳುವ ಗಿರಾಕಿಗಳೇ. ಅವರಿಗೆ 30 ಮಿಲಿಲೀಟರ್ ಕಾಚಂಪುಳಿ, ಕಪ್ಪಗೆ ಹುರಿದು ಪುಡಿ ಮಾಡಿದ ಮಸಾಲೆಯ ಒಂದು ಪೊಟ್ಟಣ, ಮಾಡುವ ವಿಧಾನ ಬರೆದ ಒಂದು ಚೀಟಿ, ಇಷ್ಟನ್ನು ಒಂದು ಡಬ್ಬಿಯಲ್ಲಿ ಕೊಟ್ಟರೆ? ಒಂದು ಡಬ್ಬಿಗೆ ಖರ್ಚು 90, ಹೋಂಸ್ಟೇಗೆ ಕೊಡುವ ಬೆಲೆ 130 ಎಂದಿಟ್ಟುಕೊಳ್ಳಿ. ಉಳಿಯುವುದು 40.

ಈಗ ಹೋಲಿಸಿ ನೋಡಿ. 60 ಲೀಟರ್ ಕಾಚಂಪುಳಿಯನ್ನು ಬಾಟಲಿ ಮಾಡಿದರೆ 120 ಬಾಟಲಿ, ಲಾಭ 18,000. ಅದೇ 60 ಲೀಟರನ್ನು ಡಬ್ಬಿಗೆ ಹಾಕಿದರೆ 2,000 ಡಬ್ಬಿ, ಲಾಭ 80,000. ಒಂದು ಹನಿ ಹಣ್ಣಿನ ರಸ ಹೆಚ್ಚು ಬೇಡ.

ಆದರೆ ತೊಂದರೆ ಬರುವುದು ಪುಡಿಯಿಂದ. ಕಾಚಂಪುಳಿ ಹುಳಿ ಎಷ್ಟಿದೆಯೆಂದರೆ ಅದು ಸುಲಭಕ್ಕೆ ಕೆಡುವುದಿಲ್ಲ. ಇಷ್ಟು ವರ್ಷ ಆ ಮನೆಯವರು ಬಾಟಲಿ ಮುಚ್ಚಿಟ್ಟು ನಿಶ್ಚಿಂತೆಯಾಗಿದ್ದರು. ಹುರಿದ ಕೊತ್ತಂಬರಿ, ಜೀರಿಗೆ, ಕರಿಮೆಣಸಿನ ಪುಡಿ ಹಾಗಲ್ಲ. ವಾರಗಳು ಕಳೆದಂತೆ ಘಮ ಇಳಿಯುತ್ತದೆ. ಕೊಡಗಿನ ಮಳೆಗಾಲದ ಗಾಳಿಗೆ ತೇವ ಎಳೆದುಕೊಂಡು ಗಂಟು ಕಟ್ಟುತ್ತದೆ, ಆಮೇಲೆ ಬೂಸ್ಟು. ಹಾಗಾಗಿ ಮಳೆ ಹಿಡಿದಿರುವಾಗ ಪುಡಿ ಮಾಡಿ ತುಂಬಬಾರದು. ಮಳೆ ನಿಂತ ಮೇಲೆ ಕಾಳನ್ನು ಒಣಗಿಸಿ, ಹುರಿದು, ಪೂರ್ತಿ ಆರಿದ ಮೇಲೆ ಪುಡಿ ಮಾಡಿ, ಬಿಸಿ ಹಾಕಿ ಮುಚ್ಚುವ ದಪ್ಪ ಪೊಟ್ಟಣದಲ್ಲಿ ಹಾಕಬೇಕು. ಪ್ರತಿ ಸಲ ಮಾಡಿದ್ದರಲ್ಲಿ ನಾಲ್ಕೈದು ಪೊಟ್ಟಣ ತೆಗೆದಿಟ್ಟು, ತಿಂಗಳಿಗೊಂದು ಒಡೆದು ಮೂಸಿ, ಅಡುಗೆ ಮಾಡಿ ನೋಡಬೇಕು. ಯಾವ ತಿಂಗಳಲ್ಲಿ ಘಮ ಹೋಯಿತೋ ಅದಕ್ಕಿಂತ ಮೊದಲೇ ಮುಗಿಯುವ ಗಡುವನ್ನು ಚೀಟಿಯ ಮೇಲೆ ಹಾಕಬೇಕು. ಆಹಾರ ಸುರಕ್ಷತಾ ನೋಂದಣಿಯಲ್ಲಿ ಈ ಪುಡಿಯನ್ನೂ ಸೇರಿಸಬೇಕು. ಹೆಸರಿನಲ್ಲಿ ಪಂದಿ ಇದ್ದರೂ ಡಬ್ಬಿಯೊಳಗೆ ಮಾಂಸವಿಲ್ಲ, ಆದ್ದರಿಂದ ಅದರ ಮೇಲೆ ಬರುವುದು ಸಸ್ಯಾಹಾರದ ಹಸಿರು ಗುರುತು.

ಮತ್ತೆ, 2,000 ಡಬ್ಬಿ ಒಟ್ಟಿಗೆ ಮಾಡಲೇಬಾರದು. ಮೊದಲು 200 ಮಾಡಲಿ. ಅದಕ್ಕೆ ಬೇಕಾಗುವುದು 6 ಲೀಟರ್ ಕಾಚಂಪುಳಿ. ಒಂದೂ ಮಾರಾಟವಾಗದೆ ಹೋದರೂ ನಷ್ಟ 18,000 ರೂಪಾಯಿ. ಆ ಮನೆ ಅಷ್ಟನ್ನು ತಡೆದುಕೊಳ್ಳಬಲ್ಲದು.

ನಾಲ್ಕನೇ ದಾರಿಯ ಬಗ್ಗೆ ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಪಣಪುಳಿಯ ಸಿಪ್ಪೆಯ ಸಾರದಿಂದ ತೂಕ ಇಳಿಸುವ ಮಾತ್ರೆ ಮಾಡಿ ಗಾರ್ಸೀನಿಯಾ ಎಂಬ ಹೆಸರಲ್ಲಿ ಮಾರುತ್ತಾರೆ. ಮರ ನಮ್ಮದೇ ಅಲ್ವಾ, ನಾವೂ ಮಾಡಬಹುದು ಎಂದು ಅನಿಸುತ್ತದೆ. ಆದರೆ ಕೊಳ್ಳುವವರು ಬೇರೆ, ಸಾರ ತೆಗೆಯುವ ಯಂತ್ರ ಬೇರೆ, ಪರೀಕ್ಷೆ ಬೇರೆ, ಕಾನೂನು ಬೇರೆ. ಅಂಥ ಮಾತ್ರೆಗಳಿಂದ ತೂಕ ಇಳಿಯುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ತೆಗೆದುಕೊಂಡ ಕೆಲವರಿಗೆ ಯಕೃತ್ತಿಗೆ ಪೆಟ್ಟಾದ ವರದಿಗಳಿವೆ. ಮರ ಒಂದೇ ಆದರೂ ಇದು ಪೂರ್ತಿ ನಾಲ್ಕನೇ ಮೂಲೆಯ ವ್ಯಾಪಾರ. ನಮ್ಮ ಉದಾಹರಣೆಯ ಮನೆಗೆ ನಾನು ಇದನ್ನು ಬೇಡ ಎಂದೇ ಹೇಳುತ್ತೇನೆ.

ಹಾಗಾದರೆ ಅವರು ಈ ವರ್ಷ ಏನು ಮಾಡಬಹುದು? ಮಳೆ ಕಳೆದ ಮೇಲೆ, ಪ್ರವಾಸಿಗರು ಬರುವ ಹೊತ್ತಿಗೆ 200 ಡಬ್ಬಿ ಮಾಡಿ ನಾಲ್ಕು ಹೋಂಸ್ಟೇಗಳಲ್ಲಿ ಇಡಲಿ. ಬೆಂಗಳೂರಿನ ಕೊಡಗಿನವರಿಗೆ ಅಂಗಡಿಯ ಮೂಲಕ ಅಲ್ಲ, ನೇರವಾಗಿ ಪಾರ್ಸೆಲ್ ಕಳಿಸಲಿ. ಕಾಚಂಪುಳಿಯ ಹೆಸರೇ ಕೇಳದವರ ಬೆನ್ನು ಈಗಲೇ ಹತ್ತುವುದು ಬೇಡ. ಮೇ ತಿಂಗಳು ಬರುವಷ್ಟರಲ್ಲಿ ಪುಸ್ತಕ ತೆಗೆದು, ಡಬ್ಬಿಯನ್ನು ಎರಡನೇ ಸಲ ತರಿಸಿಕೊಂಡ ಹೋಂಸ್ಟೇಗಳು ಎಷ್ಟು ಎಂದು ನೋಡಲಿ. ನಾಲ್ಕರಲ್ಲಿ ಮೂರು ತರಿಸಿಕೊಂಡಿದ್ದರೆ ಬರುವ ಮಳೆಗಾಲದಲ್ಲಿ 60 ಲೀಟರನ್ನು ಡಬ್ಬಿಗೆಂದೇ ಎತ್ತಿಡಬಹುದು. ಒಂದೇ ಒಂದು ತರಿಸಿಕೊಂಡಿದ್ದರೆ ಉಳಿದ ಮೂವರ ಹತ್ತಿರ ಹೋಗಿ ಕಾರಣ ಕೇಳಬೇಕು. ಬೆಲೆ ಜಾಸ್ತಿಯಾಯಿತಾ, ಪುಡಿಯ ಘಮ ಹೋಗಿತ್ತಾ, ಇಲ್ಲ ಚೀಟಿಯಲ್ಲಿ ಬರೆದದ್ದು ಅತಿಥಿಗಳಿಗೆ ಅರ್ಥವಾಗಲಿಲ್ಲವಾ ಎಂದು. ಆ ಉತ್ತರ ಕೈಗೆ ಬಂದ ಮೇಲೆಯೇ ಜೂನ್ ತಿಂಗಳಲ್ಲಿ ನೆರೆಹೊರೆಯ ತೋಟದವರಿಗೆ ಹಣ್ಣಿನ ಮುಂಗಡ ಕೊಡಲಿ.

ನಮಸ್ಕಾರ.